ದಿನಕ್ಕೊಂದು ವಚನದ ಕಾರ್ಡು: ಮೂರು ದಾರಿ ನೋಡಿದ ಮೇಲೆ ನಾನು ಇಂಪ್ರೆಸ್‌ನಲ್ಲೇ ಉಳಿದೆ

ನನ್ನ ಓಟು ಲಿಬ್ರೆಆಫೀಸಿನ ಇಂಪ್ರೆಸ್‌ಗೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಲೈಡ್ ಮಾಡುವ ಸಾಫ್ಟ್‌ವೇರಿನಲ್ಲಿ ವಚನದ ಕಾರ್ಡು ಮಾಡುವುದೇ ಅಂತ ನಗುವವರಿದ್ದಾರೆ, ನಗಲಿ. ವರ್ಷದ ಚಂದಾ ಕಟ್ಟಿ ತೆಗೆದುಕೊಂಡ ಆನ್‌ಲೈನ್ ವಿನ್ಯಾಸದ ತಾಣ ನನಗೆ ಮಾಡಿಕೊಡದ ಕೆಲಸವನ್ನು ಇದು ದುಡ್ಡಿಲ್ಲದೆ ಮಾಡಿಕೊಡುತ್ತಿದೆ.

ಕೆಲಸ ಏನೆಂದರೆ, ಸೋಮವಾರಪೇಟೆ ಕಡೆಯ ನಮ್ಮ ಓದುಗರ ಬಳಗದ ವಾಟ್ಸಾಪ್ ಗುಂಪಿಗೆ ಬೆಳಿಗ್ಗೆ ಒಂದು ವಚನ ಹೋಗಬೇಕು. ಜೊತೆಗೆ ಎರಡು ಮೂರು ಕಠಿಣ ಪದಗಳ ಅರ್ಥ, ಒಂದು ಸಾಲಿನ ಸಾರಾಂಶ. ವಾರಕ್ಕೊಬ್ಬ ವಚನಕಾರರು, ಸೋಮವಾರದಿಂದ ಭಾನುವಾರದವರೆಗೆ ಏಳು ಕಾರ್ಡು. ಏಳನ್ನೂ ಒಂದೇ ಕೂರಿಕೆಯಲ್ಲಿ ಮಾಡಿಟ್ಟುಕೊಳ್ಳಬೇಕು, ಯಾಕೆಂದರೆ ಜುಲೈ ತಿಂಗಳಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಬರುತ್ತದೆ, ಟವರ್ ಯಾವಾಗ ಸಾಯುತ್ತದೆ ಅಂತ ಯಾರೂ ಹೇಳಲಾರರು.

ಮೊಬೈಲಿನ ಪೋಸ್ಟರ್ ಆಪ್‌ಗಳ ವಿಷಯ ಬೇಗ ಮುಗಿಸುತ್ತೇನೆ. ಹಬ್ಬದ ಶುಭಾಶಯಕ್ಕೆ ಅವು ಸಾಕು. ವಾರದ ಮಾಲಿಕೆಗೆ ಆಗುವುದಿಲ್ಲ. ಪ್ರತಿ ಕಾರ್ಡನ್ನೂ ಹೊಸದಾಗಿ ಬೆರಳಲ್ಲಿ ಎಳೆದು ಜೋಡಿಸಬೇಕು, ಸೋಮವಾರದ ಅಂಚು ಮಂಗಳವಾರಕ್ಕೆ ಹೊಂದುವುದಿಲ್ಲ. ನಾನು ನೋಡಿದ ಒಂದರಲ್ಲಂತೂ ಪೆಟ್ಟಿಗೆಯ ಕೊನೆಯ ಸಾಲಿನ ಒತ್ತಕ್ಷರಗಳು ಅರ್ಧಕ್ಕೆ ಕತ್ತರಿಸಿಹೋಗುತ್ತಿದ್ದವು.

ನಿಜವಾದ ಪೈಪೋಟಿ ಇದ್ದದ್ದು ಆನ್‌ಲೈನ್ ತಾಣಕ್ಕೂ ಇಂಪ್ರೆಸ್‌ಗೂ. ತಾಣದ ಆಕರ್ಷಣೆ ದೊಡ್ಡದೇ. ಏಳು ವಚನಗಳನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟು, ವಚನದ ಕಾಲಮ್ಮನ್ನು ಈ ಪೆಟ್ಟಿಗೆಗೆ, ಅರ್ಥದ ಕಾಲಮ್ಮನ್ನು ಆ ಪೆಟ್ಟಿಗೆಗೆ ಅಂತ ಜೋಡಿಸಿ ಗುಂಡಿ ಒತ್ತಿದರೆ ಏಳು ಕಾರ್ಡು ಒಟ್ಟಿಗೆ ತಯಾರು. ಪಟ್ಟಿಯನ್ನು ಯುಟಿಎಫ್-8 ಆಗಿ ಉಳಿಸಬೇಕು, ಇಲ್ಲದಿದ್ದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ಅದು ದೊಡ್ಡ ತೊಂದರೆಯಲ್ಲ.

ದೊಡ್ಡ ತೊಂದರೆ ವಚನದ್ದೇ. ಸರ್ವಜ್ಞನ ತ್ರಿಪದಿಯಾದರೆ ಮೂರು ಸಾಲು, ಅಳತೆ ನಿಶ್ಚಿತ, ಯಾವ ಅಚ್ಚಿನಲ್ಲಾದರೂ ಕೂರುತ್ತದೆ. ವಚನ ಹಾಗಲ್ಲ. ಒಂದು ಮೂರೇ ಸಾಲಿಗೆ ಮುಗಿದರೆ ಇನ್ನೊಂದು ಇಪ್ಪತ್ತು ಸಾಲು ದಾಟುತ್ತದೆ. ತಾಣದ ಅಚ್ಚಿನಲ್ಲಿ ವಚನದ ಪೆಟ್ಟಿಗೆ ಮಾದರಿಗೆ ಹಾಕಿದ ವಚನದ ಅಳತೆಗೆ ಇರುತ್ತದೆ. ಗಿಡ್ಡ ವಚನ ಬಂದ ದಿನ ಕೆಳಗೆ ಅರ್ಧ ಕಾರ್ಡು ಬೋಳು, ಉದ್ದದ್ದು ಬಂದ ದಿನ ವಚನ ಹೋಗಿ ಅರ್ಥದ ಮೇಲೆ ಕೂರುತ್ತದೆ.

ಬಸವಣ್ಣನವರ ‘ಕಳಬೇಡ ಕೊಲಬೇಡ’ ಎಲ್ಲರಿಗೂ ಬಾಯಿಗೆ ಬರುವ ವಚನ, ಅದನ್ನೇ ತೆಗೆದುಕೊಳ್ಳಿ. ಐದು ಸಾಲು, ಅಂಥ ಉದ್ದವೇನಿಲ್ಲ. ಆದರೆ ಕೊನೆಯ ಸಾಲಿನಲ್ಲಿ ‘ಕೂಡಲಸಂಗಮದೇವರನೊಲಿಸುವ’ ಅಂತ ಒಂದೇ ಉಸಿರಿನ ಪದವಿದೆ. ನಾನು ಆರಿಸಿದ್ದ ಅಚ್ಚಿನಲ್ಲಿ ಅರ್ಧ ಅಗಲ ಕಾಫಿ ತೋಟದ ಚಿತ್ರಕ್ಕೆ ಹೋಗಿತ್ತು. ಉಳಿದ ಅರ್ಧದಲ್ಲಿ ಪದ ಹಿಡಿಸದೆ ‘ಕೂಡಲಸಂಗಮದೇವರನೊಲಿ’ ಒಂದು ಸಾಲು, ‘ಸುವ ಪರಿ’ ಮುಂದಿನ ಸಾಲು. ಅಂಕಿತವೇ ಮುರಿದುಬೀಳುವ ಕಾರ್ಡನ್ನು ಓದುವ ಬಳಗಕ್ಕೆ ಕಳಿಸುವುದು ಹೇಗೆ?

ಇನ್ನು ಒತ್ತಕ್ಷರ. ಅಲ್ಲಿನ ಅಚ್ಚುಗಳೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಹೊಂದಿಸಿದ ಸಾಲಿನ ಅಂತರದಲ್ಲಿರುತ್ತವೆ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು, ಏತ್ವ ಮೇಲೇರುತ್ತವೆ. ನಾಲ್ಕನೇ ಸಾಲಿನ ‘ಶುದ್ಧಿ’ಯ ಒತ್ತು ಐದನೇ ಸಾಲಿನ ಅಕ್ಷರಗಳ ತಲೆಗೆ ತಾಗುತ್ತಿತ್ತು. ಕಾರ್ಡು ನೋಡಿದ ಗುಂಪಿನ ಹಿರಿಯರೊಬ್ಬರು ‘ಏನಮ್ಮಾ, ಅಕ್ಷರ ಅಕ್ಷರಾನೇ ತುಳೀತಾ ಇದೆಯಲ್ಲ’ ಅಂದರು. ಅಂತರ ಹೆಚ್ಚಿಸಬಹುದು, ಅದಕ್ಕೆ ಗುಂಡಿ ಇದೆ. ಆದರೆ ತುಂಬಿಸಿದ ಮೇಲೆ ಏಳು ಕಾರ್ಡುಗಳೂ ಏಳು ಬೇರೆ ಬೇರೆ ಪ್ರತಿಗಳು. ಮೂಲ ಅಚ್ಚಿನಲ್ಲಿ ಅಂತರ ಸರಿಮಾಡಿದರೆ ಅವುಗಳಲ್ಲಿ ಸರಿಯಾಗುವುದಿಲ್ಲ, ಒಂದೊಂದನ್ನೇ ತೆರೆದು ತಿದ್ದಬೇಕು. ತೆರೆಯುವುದಕ್ಕೆ ನೆಟ್‌ವರ್ಕ್ ಬೇಕು. ತಿದ್ದಿ ಮುಗಿಸುವಷ್ಟರಲ್ಲಿ, ಮೊಬೈಲ್ ಆಪ್‌ನಲ್ಲಿ ಒಂದೊಂದಾಗಿ ಮಾಡಿದ್ದರೆ ಹಿಡಿಯುತ್ತಿದ್ದ ಹೊತ್ತೇ ಇಲ್ಲೂ ಹಿಡಿದಿರುತ್ತದೆ.

ವಚನದ ಉದ್ದ ನೋಡಿ ಯಾವ ಅಚ್ಚು ಅಂತ ಪಟ್ಟಿಯೇ ಹೇಳಲಿ ಎಂದು ಅಕ್ಷರ ಎಣಿಸುವ ಸೂತ್ರ ಹಾಕುವವರೂ ಇದ್ದಾರೆ. ಕನ್ನಡಕ್ಕೆ ಅದು ದಾರಿ ತಪ್ಪಿಸುತ್ತದೆ. ‘ಸ್ತ್ರೀ’ ಅನ್ನುವ ಒಂದೇ ಅಕ್ಷರವನ್ನು ಕಂಪ್ಯೂಟರು ಆರು ಅಂತ ಎಣಿಸುತ್ತದೆ: ಸ, ತ, ರ, ಎರಡು ಹಲಂತ, ಒಂದು ದೀರ್ಘ. ಒತ್ತು ಹೆಚ್ಚಿರುವ ಗಿಡ್ಡ ವಚನ ಲೆಕ್ಕದಲ್ಲಿ ಉದ್ದವಾಗಿ ಕಾಣುತ್ತದೆ. ಸಾಲು ಎಣಿಸುವುದೇ ಸರಿ, ಅದೂ ಕೈಯಾರೆ ಸಾಲು ಮುರಿದ ಮೇಲೆ.

ಇಂಪ್ರೆಸ್ ಗೆದ್ದದ್ದು ಮಾಸ್ಟರ್ ಸ್ಲೈಡಿನಿಂದ. `View > Master Slide` ಒಳಗೆ ಹೋಗಿ ಅಲ್ಲಿ ಏನು ಬದಲಿಸಿದರೂ ಆ ಮಾಸ್ಟರ್ ಹಾಕಿಕೊಂಡ ಎಲ್ಲ ಕಾರ್ಡುಗಳೂ ತಾವೇ ಬದಲಾಗುತ್ತವೆ. ಕಾರ್ಡು ಪ್ರತಿಯಾಗುವುದಿಲ್ಲ, ಅಚ್ಚಿಗೆ ಕಟ್ಟಿಕೊಂಡೇ ಇರುತ್ತದೆ. ಮೇಲಿನ ಅಷ್ಟೂ ಗೋಳಿಗೆ ಇದೇ ಪರಿಹಾರವಾಯಿತು.

ಸ್ಲೈಡಿನ ಅಳತೆ ಉದ್ದ ಅಗಲ ಎರಡೂ 19.05 ಸೆಂ.ಮೀ., ಅಂದರೆ ಏಳೂವರೆ ಇಂಚು. ಯಾಕೆ ಈ ವಿಚಿತ್ರ ಸಂಖ್ಯೆ ಅಂದರೆ, ಇಂಚಿಗೆ 144 ಚುಕ್ಕಿಯಂತೆ ಚಿತ್ರ ತೆಗೆದಾಗ ಸರಿಯಾಗಿ 1080 ಪಿಕ್ಸೆಲ್ ಚೌಕ ಬರುತ್ತದೆ. ಅಂಚು ಎರಡೂ ಕಡೆ ಒಂದೂವರೆ ಸೆಂ.ಮೀ. ಬಿಟ್ಟರೆ ವಚನಕ್ಕೆ 16 ಸೆಂ.ಮೀ. ಅಗಲ ಸಿಗುತ್ತದೆ. ಪಕ್ಕದಲ್ಲಿ ಚಿತ್ರವಿಲ್ಲ, ಚಿತ್ರದ ಆಸೆಯನ್ನೇ ಬಿಟ್ಟೆ.

ಮಾಸ್ಟರ್‌ಗಳು ಮೂರು: ಗಿಡ್ಡ, ನಡು, ಉದ್ದ. ಗಿಡ್ಡದ್ದರಲ್ಲಿ ಐದು ಸಾಲಿನವರೆಗೆ, ಅಕ್ಷರ 32 ಪಾಯಿಂಟ್, ಸಾಲಿನ ಅಂತರ ‘ಫಿಕ್ಸೆಡ್’ ಅಂತ ಆರಿಸಿ 1.9 ಸೆಂ.ಮೀ. ನಡುವಿನದರಲ್ಲಿ ಎಂಟು ಸಾಲಿನವರೆಗೆ, 24 ಪಾಯಿಂಟ್, ಅಂತರ 1.4 ಸೆಂ.ಮೀ. ಎರಡರಲ್ಲೂ ಅಂತರ ಅಕ್ಷರದ ಗಾತ್ರದ 1.7 ಪಟ್ಟಿನ ಹತ್ತಿರ ಬರುತ್ತದೆ, ಒತ್ತಿಗೂ ಗುಡಿಸಿಗೂ ಜಗಳವಿಲ್ಲ. ಉದ್ದದ್ದು ಬಂದರೆ ಎರಡು ಕಾರ್ಡು, ಮೊದಲನೆಯದರ ಕೆಳಗೆ ಒಂದು ಬಾಣ. 24ಕ್ಕಿಂತ ಕೆಳಗೆ ಮಾತ್ರ ಇಳಿಸುವುದಿಲ್ಲ. 19 ಸೆಂ.ಮೀ. ಸ್ಲೈಡು ಮೊಬೈಲಿನಲ್ಲಿ ಏಳು ಸೆಂ.ಮೀ. ಅಗಲಕ್ಕೆ ಕುಗ್ಗುತ್ತದೆ, ಅಂದರೆ 24 ಪಾಯಿಂಟ್ ಕಣ್ಣಿಗೆ ಒಂಬತ್ತರಷ್ಟು ಕಾಣುತ್ತದೆ. ನಮ್ಮ ಗುಂಪಿನ ಅರ್ಧ ಜನ ಕನ್ನಡಕದವರು.

ಒಂದು ಎಚ್ಚರಿಕೆ: ಪಠ್ಯ ಹೆಚ್ಚಾದರೆ ತಾನೇ ಕುಗ್ಗಿಸುವ ಸೌಲಭ್ಯವನ್ನು ಆಫ್ ಮಾಡಿಬಿಡಿ. ಅದು ಒಳ್ಳೆಯ ಮನಸ್ಸಿನಿಂದಲೇ ಕೆಲಸ ಮಾಡುತ್ತದೆ, ಆದರೆ ಒಂದೊಂದು ದಿನ ಒಂದೊಂದು ಗಾತ್ರವಾಗಿ ಏಳು ಕಾರ್ಡು ಒಂದೇ ಮನೆಯವು ಅನ್ನಿಸುವುದಿಲ್ಲ.

‘ಕಳಬೇಡ’ ಈಗ ಹೀಗೆ ಕೂರುತ್ತದೆ. ಐದು ಸಾಲು, ಹಾಗಾದರೆ ಗಿಡ್ಡ ಮಾಸ್ಟರ್ ಅಂತ ಶುರುಮಾಡಿದರೆ ಕೊನೆಯ ಸಾಲು 32 ಪಾಯಿಂಟಿನಲ್ಲಿ 16 ಸೆಂ.ಮೀ.ಗೆ ಹಿಡಿಸುವುದಿಲ್ಲ. ‘ಇದೇ ನಮ್ಮ’ ಆದ ಮೇಲೆ ಶಿಫ್ಟ್ ಹಿಡಿದು ಎಂಟರ್ ಒತ್ತಿ ಕೈಯಾರೆ ಮುರಿಯುತ್ತೇನೆ. ಈಗ ಆರು ಸಾಲಾಯಿತು, ಆದ್ದರಿಂದ ನಡುವಿನ ಮಾಸ್ಟರ್. ಅಂಕಿತ ಪೂರ್ತಿ ಒಂದೇ ಸಾಲಿನಲ್ಲಿ ನಿಂತಿತು. ಬಲಬದಿಯ ಪಟ್ಟಿಯಲ್ಲಿ ಮಾಸ್ಟರ್ ಬದಲಿಸಿದ್ದಷ್ಟೇ, ಬೇರೆ ಏನನ್ನೂ ಎಳೆದಾಡಲಿಲ್ಲ.

ಕಾರ್ಡಿನ ಮೇಲೆ ವಚನ, ಪದಗಳ ಅರ್ಥ, ಒಂದು ಸಾಲಿನ ಸಾರಾಂಶ, ಅಡಿಯಲ್ಲಿ ಸಣ್ಣದಾಗಿ ಮೂಲ. ಮೂಲ ಹಾಕಲೇಬೇಕು, ಅದಕ್ಕೆ ಮಾಸ್ಟರ್‌ನಲ್ಲೇ ಜಾಗ ಕಾದಿರಿಸಿದ್ದೇನೆ. ಸರ್ಕಾರದ ಸಮಗ್ರ ವಚನ ಸಂಪುಟ 15 ಸಂಪುಟಗಳಲ್ಲಿದೆ, ಸಂಪುಟ ಮತ್ತು ವಚನದ ಸಂಖ್ಯೆ ಕೊಟ್ಟರೆ ಪಾಠಾಂತರದ ವಾದ ಅಲ್ಲಿಗೇ ತಣ್ಣಗಾಗುತ್ತದೆ. ವಿವರಣೆಯನ್ನು ಕಾರ್ಡಿಗೆ ತುರುಕುವುದಿಲ್ಲ, ಕೆಳಗೆ ಬರಹವಾಗಿ ಕಳಿಸುತ್ತೇನೆ. ತಪ್ಪಿದ್ದರೆ ತಿದ್ದಿ ಮತ್ತೆ ಕಳಿಸಬಹುದು, ಕಣ್ಣು ಸೋತವರು ಫೋನಿನಿಂದ ಓದಿಸಿ ಕೇಳಬಹುದು. ಚಿತ್ರವನ್ನಷ್ಟೇ ಮುಂದಕ್ಕೆ ಕಳಿಸುವವರು ಬಹಳ, ಅವರಿಗಾಗಿ ಆ ಸಾರಾಂಶದ ಒಂದು ಸಾಲು.

ಇಂಪ್ರೆಸ್‌ನ ಕುಂದೂ ಹೇಳಬೇಕಲ್ಲ. ಪಿಎನ್‌ಜಿಯಾಗಿ ರಫ್ತು ಮಾಡಿದರೆ ಎದುರಿಗಿರುವ ಒಂದೇ ಸ್ಲೈಡು ಬರುತ್ತದೆ, ಏಳಕ್ಕೂ ಏಳು ಸಲ ಮಾಡಬೇಕು. ನಾನು ಪೂರ್ತಿ ವಾರವನ್ನು ಒಂದು ಪಿಡಿಎಫ್ ಮಾಡಿ, ಪಾಪ್ಲರ್ ಅನ್ನುವ ಉಚಿತ ಸಲಕರಣೆಯಿಂದ ಹೀಗೆ ಬಿಡಿಸುತ್ತೇನೆ:

```
pdftoppm -r 144 -png vara.pdf dina
```

`dina-1.png` ಸೋಮವಾರ, `dina-7.png` ಭಾನುವಾರ. ಕಪ್ಪು ಪರದೆಯಲ್ಲಿ ಟೈಪ್ ಮಾಡುವುದು ಆಗದವರಿಗೆ ಇದು ಬೇಸರದ ಕೆಲಸವೇ. ಎರಡು ಕಾರ್ಡಿನ ವಚನವಿದ್ದ ವಾರ ಸಂಖ್ಯೆಯೂ ದಿನವೂ ತಾಳೆಯಾಗುವುದಿಲ್ಲ, ಕಡತಗಳ ಹೆಸರು ನೋಡಿ ಬದಲಿಸಿಕೊಳ್ಳಬೇಕು.

ಇನ್ನೊಂದು, ಫಾಂಟು. ನನ್ನದು ನೋಟೊ ಸೆರಿಫ್ ಕನ್ನಡ. ಅದಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬೇರೆ ಫಾಂಟು ಬಂದು ಸಾಲುಗಳು ಬೇರೆ ಕಡೆ ಮುರಿಯುತ್ತವೆ. ಕಡತದ ಪ್ರಾಪರ್ಟೀಸ್‌ನಲ್ಲಿ ಫಾಂಟನ್ನು ಒಳಗೇ ಸೇರಿಸುವ ಆಯ್ಕೆ ಇದೆ, ಗುರುತು ಹಾಕಿಬಿಡಿ.

ಬಣ್ಣದ ಚಿತ್ರ, ಓಡಾಡುವ ಅಕ್ಷರ ಬೇಕೆನ್ನುವವರು, ಚಂದಾ ಕಟ್ಟಲು ಸಂಸ್ಥೆ ಇರುವವರು, ಮಡಿಕೇರಿ ಪೇಟೆಯ ನಡುವೆ ಒಳ್ಳೆಯ ಫೈಬರ್ ಹಾಕಿಸಿಕೊಂಡವರು ಆನ್‌ಲೈನ್ ತಾಣವನ್ನೇ ಹಿಡಿಯಬಹುದು. ಅದರಲ್ಲೂ ತ್ರಿಪದಿಯಂಥ ಅಳತೆ ಕಟ್ಟಿದ ಪದ್ಯವಾದರೆ ಅವರಿಗೆ ನನ್ನ ಗೋಳು ಯಾವುದೂ ತಟ್ಟುವುದಿಲ್ಲ. ನನ್ನದು ಹಳೆ ಲ್ಯಾಪ್‌ಟಾಪು, ಮಳೆಗಾಲದ ಕರೆಂಟು, ಅಳತೆಗೆ ಸಿಗದ ವಚನ.

ಇತ್ತೀಚೆಗೆ ನಾಲ್ಕನೇ ಮಾಸ್ಟರ್ ಒಂದನ್ನು ಮಾಡಿಕೊಂಡಿದ್ದೇನೆ. ‘ಕಳಬೇಡ’ದಲ್ಲಿ ಬೇಡಗಳು ಏಳು, ವಾರಕ್ಕೆ ಹೇಳಿ ಮಾಡಿಸಿದ ಹಾಗೆ. ಇಡೀ ವಚನವನ್ನು ತಿಳಿ ಬೂದು ಬಣ್ಣದಲ್ಲಿ ಮಾಸ್ಟರ್‌ನಲ್ಲೇ ಮೇಲ್ಭಾಗಕ್ಕೆ ಕೂರಿಸಿ, ಆಯಾ ದಿನದ ‘ಬೇಡ’ವನ್ನಷ್ಟೇ ಕಾರ್ಡಿನ ನಡುವೆ 32 ಪಾಯಿಂಟಿನಲ್ಲಿ ಬರೆಯುತ್ತೇನೆ. ಸೋಮವಾರ ಕಳಬೇಡ, ಭಾನುವಾರ ಇದಿರ ಹಳಿಯಲು ಬೇಡ. ಅಚ್ಚಿನ `.otp` ಕಡತವನ್ನು ಶನಿವಾರಸಂತೆಯ ಬಳಗದವರು ಪೆನ್‌ಡ್ರೈವ್‌ನಲ್ಲಿ ಒಯ್ದಿದ್ದಾರೆ, ಅವರು ಇದರಲ್ಲಿ ಅಕ್ಕಮಹಾದೇವಿಯ ವಾರ ಮಾಡುತ್ತಾರಂತೆ.