ಮಟನ್ ಬೇಯುವಾಗ ಬರುವ ಬುರುಗು: ತೆಗೆದೂ ನೋಡಿದೆ, ಬಿಟ್ಟೂ ನೋಡಿದೆ

ನಮ್ಮಮ್ಮನ ಮನೆಯಲ್ಲಿ ಮಟನ್ ಬೇಯುವಾಗ ಮೇಲೆ ಬರುವ ಬುರುಗನ್ನು ಯಾರೂ ತೆಗೆದಿದ್ದು ನಾನು ನೋಡಿಲ್ಲ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಮೂಳೆ ಸೂಪಿಗೆ ಇಟ್ಟಾಗ ಅತ್ತೆ ಸೌಟು ಹಿಡಿದುಕೊಂಡೇ ಒಲೆ ಹತ್ತಿರ ಬಂದರು. "ಅದು ಕೆಟ್ಟ ರಕ್ತ ಕಣಮ್ಮ, ಎತ್ತಿ ಚೆಲ್ಲು" ಅಂದರು. ಚೆಲ್ಲಿದೆ. ಹನ್ನೊಂದು ವರ್ಷ ಅದನ್ನೇ ಮಾಡಿಕೊಂಡು ಬಂದೆ, ಅಮ್ಮನ ಮನೆಗೆ ಹೋದಾಗ ಮಾತ್ರ ಬುರುಗು ತೆಗೆಯದ ಸೂಪನ್ನೇ ಕುಡಿದು ಚೆನ್ನಾಗಿದೆ ಅಂತ ಹೇಳಿ ಬರ್ತಿದ್ದೆ.

ಹೋದ ತಿಂಗಳು ಒಂದು ಭಾನುವಾರ ಇದಕ್ಕೊಂದು ಗತಿ ಕಾಣಿಸೋಣ ಅಂತ ಕೂತೆ. ಒಂದೇ ಕುರಿಯ ಮುಂಗಾಲು ಮತ್ತು ಪಕ್ಕೆ, ಮೂಳೆ ಸಮೇತ 1.2 ಕೆಜಿ ತಂದು, ತೊಳೆದು, ನಾಲ್ಕು ಪಾಲು ಮಾಡಿದೆ. ಪ್ರತಿ ಪಾತ್ರೆಗೂ 300 ಗ್ರಾಂ ಮಾಂಸ, ಒಂದು ಲೀಟರ್ ತಣ್ಣೀರು, ಅರ್ಧ ಚಮಚ ಉಪ್ಪು, ಅಷ್ಟೇ. ಅರಿಶಿನ ಹಾಕಲಿಲ್ಲ, ಮೆಣಸು ಹಾಕಲಿಲ್ಲ. ಅರಿಶಿನ ಬಿದ್ದರೆ ಎಲ್ಲವೂ ಹಳದಿ, ಆಮೇಲೆ ಯಾವುದು ತಿಳಿ ಯಾವುದು ಕದಡು ಅಂತ ಗೊತ್ತಾಗುವುದು ಕಷ್ಟ. ಮೊದಲನೆಯದು ಸಣ್ಣ ಉರಿ, ಬುರುಗು ತೆಗೆಯುವುದು. ಎರಡನೆಯದೂ ಸಣ್ಣ ಉರಿಯೇ, ಆದರೆ ಬುರುಗನ್ನು ಮುಟ್ಟುವುದೇ ಇಲ್ಲ. ಮೂರನೆಯದನ್ನು ಐದು ನಿಮಿಷ ಕುದಿಸಿ, ಆ ನೀರು ಚೆಲ್ಲಿ, ತುಂಡು ತೊಳೆದು, ಹೊಸ ನೀರು ಹಾಕುವುದು. ನಾಲ್ಕನೆಯದು ಕುಕ್ಕರ್, ನಾವೆಲ್ಲ ದಿನಾ ಮಾಡುವ ಹಾಗೆ ಜೋರು ಉರಿಯಲ್ಲಿ ಆರು ವಿಷಲ್.

ಬುರುಗು ಅಂದರೆ ಏನು ಅನ್ನೋದು ಮೊದಲ ಪಾತ್ರೆಯ ಮುಂದೆ ಸುಮ್ನೆ ನಿಂತು ನೋಡಿದರೇ ಅರ್ಧ ತಿಳಿಯುತ್ತೆ. ನೀರು ಉಗುರು ಬೆಚ್ಚಗಾಗುವಾಗ ಮಾಂಸದಿಂದ ತೆಳು ಗುಲಾಬಿ ಬಣ್ಣ ಬಿಟ್ಟುಕೊಳ್ಳುತ್ತೆ. ನಾವು ರಕ್ತ ಅನ್ನೋದು ಇದನ್ನೇ. ಆದರೆ ಕುರಿ ಕೊಯ್ದಾಗಲೇ ರಕ್ತದ ಬಹುಪಾಲು ಹರಿದುಹೋಗಿರುತ್ತೆ. ಈ ಕೆಂಪಿನಲ್ಲಿ ಹೆಚ್ಚಿನದು ಮಯೋಗ್ಲೋಬಿನ್ ಅನ್ನೋ ಪ್ರೋಟೀನು, ಮಾಂಸಖಂಡದೊಳಗೇ ಇದ್ದು ಆಮ್ಲಜನಕ ಹಿಡಿದಿಟ್ಟುಕೊಳ್ಳುವಂಥದ್ದು. ಮೂಳೆಯ ಮಜ್ಜೆಯಿಂದ ಸ್ವಲ್ಪ ರಕ್ತವೂ ಸೇರುತ್ತೆ, ಇಲ್ಲ ಅಂತಲ್ಲ. ಇವುಗಳ ಜೊತೆಗೆ ನೀರಿನಲ್ಲಿ ಕರಗುವ ಇನ್ನೂ ಹಲವು ಪ್ರೋಟೀನುಗಳು ಕಣ್ಣಿಗೆ ಕಾಣದ ಹಾಗೆ ಹೊರಗೆ ಬರ್ತಿರುತ್ತವೆ.

ಬಿಸಿ 60, 70 ಡಿಗ್ರಿ ಹತ್ತಿರ ಬಂದಾಗ ನೋಡಬೇಕು ಮಜಾ. ಗುಲಾಬಿ ನೀರು ಬೂದು ಬಣ್ಣಕ್ಕೆ ತಿರುಗುತ್ತೆ. ಮೊಟ್ಟೆಯ ಬಿಳಿ ಕಾದಾಗ ಗಟ್ಟಿಯಾಗುತ್ತಲ್ಲ, ಇಲ್ಲೂ ಅದೇ ಕಥೆ. ಸುರುಳಿ ಸುತ್ತಿಕೊಂಡಿದ್ದ ಪ್ರೋಟೀನು ಬಿಚ್ಚಿಕೊಂಡು, ಒಂದಕ್ಕೊಂದು ಅಂಟಿಕೊಂಡು, ಚೂರು ಚೂರಾಗಿ ಹೆಪ್ಪುಗಟ್ಟುತ್ತೆ. ಅದೇ ಹೊತ್ತಿಗೆ ಕಾಯುತ್ತಿರುವ ನೀರಿನಿಂದ ಗಾಳಿಯ ಗುಳ್ಳೆಗಳು ಏಳುತ್ತಿರುತ್ತವೆ. ಬಿಚ್ಚಿಕೊಂಡ ಪ್ರೋಟೀನು ಆ ಗುಳ್ಳೆಗಳ ಸುತ್ತ ಸಿಪ್ಪೆಯ ಹಾಗೆ ಕೂರುತ್ತೆ, ಅದಕ್ಕೇ ಗುಳ್ಳೆ ಬೇಗ ಒಡೆಯಲ್ಲ. ಒಂದಿಷ್ಟು ಕೊಬ್ಬೂ ಸಿಕ್ಕಿಕೊಳ್ಳುತ್ತೆ. ಗಾಳಿ, ಕೊಬ್ಬು ಎರಡೂ ಹಗುರ, ಹಾಗಾಗಿ ಎಲ್ಲ ಸೇರಿ ಮೇಲೆ ತೇಲುತ್ತೆ. ಕಂದು ಬಣ್ಣ ಕೊಡೋದು ಬೆಂದ ಮಯೋಗ್ಲೋಬಿನ್. ಅಂದರೆ ಇದು ಕೊಳೆಯೂ ಅಲ್ಲ, ವಿಷವೂ ಅಲ್ಲ. ತಟ್ಟೆಯಲ್ಲಿರುವ ತುಂಡಿನೊಳಗೂ ಇದೇ ಪ್ರೋಟೀನು ಬೆಂದು ಕೂತಿರುತ್ತೆ, ಅದನ್ನು ಚಪ್ಪರಿಸಿಕೊಂಡು ತಿಂತೀವಿ.

ಮೊದಲ ಪಾತ್ರೆಯಲ್ಲಿ ಎತ್ತಿದ ಬುರುಗನ್ನು ಒಂದು ಬಟ್ಟಲಿಗೆ ಹಾಕುತ್ತಾ ಹೋದೆ. ನೋಡೋಕೆ ಅರ್ಧ ಬಟ್ಟಲು. ಅರ್ಧ ಗಂಟೆ ಬಿಟ್ಟು ನೋಡಿದರೆ ಗುಳ್ಳೆ ಎಲ್ಲ ಒಡೆದು, ತಳದಲ್ಲಿ ರವೆಯ ಹಾಗೆ ಬೂದು ಬಣ್ಣದ ಗಷ್ಟು ಒಂದು ಚಮಚವೂ ಇರಲಿಲ್ಲ, ಮೇಲೆ ಒಂದಿಷ್ಟು ಸೂಪಿನ ನೀರು. ಇಷ್ಟಕ್ಕಾ ಇಷ್ಟು ವರ್ಷ ಜಗಳ ಅನ್ನಿಸಿತು. ಆ ಗಷ್ಟನ್ನು ನಾಲಿಗೆಗೆ ಹಚ್ಚಿಯೂ ನೋಡಿದೆ (ಯಾರೂ ಇಲ್ಲದಾಗ). ಬೆಂದ ಲಿವರಿನ ಥರ ಸಪ್ಪೆ ಸಪ್ಪೆ, ಸ್ವಲ್ಪ ಹಿಟ್ಟು ಹಿಟ್ಟು. ಕಹಿ ಏನೂ ಇಲ್ಲ.

ಎರಡನೆಯ ಪಾತ್ರೆ, ಅಂದರೆ ಮುಟ್ಟದೇ ಬಿಟ್ಟದ್ದು, ಮೊದಲ ಇಪ್ಪತ್ತು ನಿಮಿಷ ಅಸಹ್ಯವಾಗಿಯೇ ಇತ್ತು. ಆಮೇಲೆ ಬುರುಗು ತಾನಾಗಿಯೇ ಕುಗ್ಗಿತು. ಒಂದು ಭಾಗ ಪಾತ್ರೆಯ ಅಂಚಿಗೆ ಕಂದು ಪಟ್ಟಿಯ ಹಾಗೆ ಅಂಟಿಕೊಂಡಿತು, ಉಳಿದದ್ದು ಚೂರುಗಳಾಗಿ ತಳ ಸೇರಿತು. ಉರಿ ಎಷ್ಟು ಸಣ್ಣದಿತ್ತು ಅಂದರೆ ಎಲ್ಲೋ ಒಂದು ಕಡೆಯಿಂದ ಆಗಾಗ ಒಂದೊಂದು ಗುಳ್ಳೆ ಏಳುವಷ್ಟು. ಒಂದೂವರೆ ಗಂಟೆ ಆದ ಮೇಲೆ ಕಲಕದೆ, ಬಟ್ಟೆ ಹಾಕಿದ ಜಾಲರಿಯಲ್ಲಿ ನಿಧಾನವಾಗಿ ಸೋಸಿದೆ. ಮೊದಲನೆಯದರ ಪಕ್ಕದಲ್ಲಿ ಗಾಜಿನ ಲೋಟದಲ್ಲಿ ಇಟ್ಟರೆ ಒಂಚೂರು ಮಬ್ಬು ಇತ್ತು, ಆದರೆ ಹೇಳಿದರೆ ಮಾತ್ರ ಗೊತ್ತಾಗುವಷ್ಟು.

ಮೂರನೆಯದು ನೋಡಲು ಎಲ್ಲಕ್ಕಿಂತ ಚಂದ. ತಿಳಿ ಹೊನ್ನಿನ ಬಣ್ಣ, ಲೋಟದ ಆಚೆ ಇಟ್ಟ ಪೇಪರ್ ಓದಬಹುದಿತ್ತು. ವಿಯೆಟ್ನಾಮಿನ ಫೋ ಅನ್ನೋ ಸೂಪು ಮಾಡುವವರು, ಚೀನಾದ ಮನೆಗಳಲ್ಲಿ ಮೂಳೆ ಸೂಪು ಮಾಡುವವರು ಹೀಗೇ ಮೊದಲ ನೀರು ಚೆಲ್ಲುತ್ತಾರೆ, ಕೆಲಸ ಆಗುತ್ತೆ ಅನ್ನೋದರಲ್ಲಿ ಅನುಮಾನವೇ ಇಲ್ಲ. ಆದರೆ ರುಚಿ ತೆಳುವಾಗಿತ್ತು. ಬುರುಗಿನ ಜೊತೆ ಆ ಐದು ನಿಮಿಷದಲ್ಲಿ ಕರಗಿದ ರುಚಿಯೂ ಸಿಂಕಿಗೆ ಹೋಯಿತು ಅಂತ ಲೆಕ್ಕ. ಬರೀ ಮೂಳೆ, ಕಾಲು, ತಲೆ ಇದ್ದರೆ ಈ ದಾರಿ ಸರಿ, ಅವನ್ನು ಗಂಟೆಗಟ್ಟಲೆ ಬೇಯಿಸುವುದರಿಂದ ಹೋದದ್ದಕ್ಕಿಂತ ಬರುವುದೇ ಜಾಸ್ತಿ. ಮಾಂಸ ಇರುವ ತುಂಡಿಗೆ ನಾನಂತೂ ಮಾಡಲ್ಲ.

ಕುಕ್ಕರಿನದು ಹಾಲು ಹಾಕಿದ ಹಾಗೆ ಕದಡಿತ್ತು. ಬುರುಗು ತೆಗೆಯದ್ದಕ್ಕೇ ಹೀಗಾಯ್ತು ಅಂದುಕೊಂಡೆ. ಆದರೆ ಎರಡನೆಯ ಪಾತ್ರೆಯಲ್ಲೂ ತೆಗೆದಿರಲಿಲ್ಲ, ಅದು ಹೀಗಿರಲಿಲ್ಲವಲ್ಲ? ಮುಂದಿನ ಭಾನುವಾರ ಕುಕ್ಕರನ್ನೇ ಎರಡು ಸಲ ಇಟ್ಟೆ. ಒಂದರಲ್ಲಿ ಮೊದಲು ಮುಚ್ಚಳ ಹಾಕದೆ ಕಾಯಿಸಿ, ಬುರುಗನ್ನು ನೀಟಾಗಿ ತೆಗೆದು, ಆಮೇಲೆ ಜೋರು ಉರಿಯಲ್ಲಿ ಆರು ವಿಷಲ್. ಇನ್ನೊಂದರಲ್ಲಿ ಬುರುಗು ತೆಗೆಯದೆ, ಒಂದು ವಿಷಲ್ ಆದ ಕೂಡಲೇ ಸಿಮ್ ಮಾಡಿ 25 ನಿಮಿಷ, ಆಮೇಲೆ ತಾನಾಗಿ ಪ್ರೆಷರ್ ಇಳಿಯುವವರೆಗೆ ಮುಟ್ಟಲಿಲ್ಲ. ಸೋಸಿ ನೋಡಿದರೆ ಬುರುಗು ತೆಗೆದದ್ದೇ ಹೆಚ್ಚು ಕದಡಿತ್ತು!

ಕಾರಣ ಇಷ್ಟು. ಕುಕ್ಕರಿನೊಳಗೆ ಒತ್ತಡ ಒಂದೇ ಸಮ ಇದ್ದಾಗ ನೀರು ಅಷ್ಟಾಗಿ ಕುದಿಯಲ್ಲ. ವಿಷಲ್ ಹೊಡೆದಾಗ ಒತ್ತಡ ತಟ್ಟನೆ ಇಳಿಯುತ್ತೆ, ಆಗ ಒಳಗಿರುವುದೆಲ್ಲ ಒಮ್ಮೆಗೇ ಭರ್ರನೆ ಕುದಿದು ಏಳುತ್ತೆ. ಆರು ವಿಷಲ್ ಅಂದರೆ ಆರು ಸಲ ಕಡೆದ ಹಾಗೆ. ಆ ರಭಸಕ್ಕೆ ಹೆಪ್ಪುಗಟ್ಟಿದ ಪ್ರೋಟೀನು ಸೋಸಲೂ ಆಗದಷ್ಟು ಸಣ್ಣ ಚೂರಾಗುತ್ತೆ, ಕೊಬ್ಬು ಕೂಡ ಸಣ್ಣ ಸಣ್ಣ ಹನಿಯಾಗಿ ನೀರಿನೊಳಗೇ ನಿಂತುಬಿಡುತ್ತೆ. ಮೂಳೆಯಿಂದ ಬಂದ ಜೆಲಟಿನ್ ಆ ಹನಿಗಳು ಮತ್ತೆ ಒಂದಾಗದ ಹಾಗೆ ಹಿಡಿದಿಡುತ್ತೆ. ಬಿಳಿ ಬಣ್ಣ ಬರೋದು ಅದರಿಂದ. ಜಪಾನಿನ ತೊಂಕೊತ್ಸು ಸೂಪಿನವರು ಇದನ್ನೇ ಬೇಕೂಂತ ಮಾಡುತ್ತಾರೆ. ಹಂದಿ ಮೂಳೆಯ ಬುರುಗನ್ನೆಲ್ಲ ತೆಗೆದು ತೊಳೆದು, ಆಮೇಲೆ ಗಂಟೆಗಟ್ಟಲೆ ಜೋರಾಗಿ ಕುದಿಸಿ ಹಾಲಿನಂಥ ಸೂಪು ತರುತ್ತಾರೆ. ಬುರುಗು ತೆಗೆದರೂ ಉರಿ ಜೋರಾದರೆ ಸೂಪು ಬಿಳಿಯಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ರುಚಿಯ ಪರೀಕ್ಷೆಗೆ ಮೊದಲ ದಿನದ ನಾಲ್ಕನ್ನೂ ಸ್ಟೀಲ್ ಲೋಟಕ್ಕೆ ಹಾಕಿ, ಯಾವುದು ಯಾವುದು ಅಂತ ಹೇಳದೆ ಅತ್ತೆಗೂ ನಮ್ಮವರಿಗೂ ಕೊಟ್ಟೆ. ಮೂರನೆಯದನ್ನು ಇಬ್ಬರೂ "ಸಪ್ಪೆ" ಅಂದರು. ಕುಕ್ಕರಿನದನ್ನು ನಮ್ಮವರು "ಇದೇ ದಪ್ಪಗಿದೆ, ಚೆನ್ನಾಗಿದೆ" ಅಂತ ಖಾಲಿ ಮಾಡಿದರು. ಮೊದಲನೆಯದು, ಎರಡನೆಯದು ಇವೆರಡರಲ್ಲಿ ಬುರುಗು ತೆಗೆದದ್ದು ಯಾವುದು ಅಂತ ಕೇಳಿದಾಗ ಅತ್ತೆ ತುಂಬ ಹೊತ್ತು ಯೋಚಿಸಿ ಎರಡನೆಯ ಲೋಟ ತೋರಿಸಿದರು. ನಾನು ನಗಲಿಲ್ಲ. ಅವರಿಗೆ ಇದ್ದ ಇನ್ನೊಂದು ದೂರು ನೀಚು ವಾಸನೆಯದು. ಅದು ನಾಲ್ಕರಲ್ಲೂ ಇತ್ತು, ಯಾಕಂದರೆ ಕುರಿಯ ಆ ವಾಸನೆ ಮುಖ್ಯವಾಗಿ ಕೊಬ್ಬಿನಲ್ಲಿರುತ್ತೆ, ಬುರುಗಿನಲ್ಲಲ್ಲ. ಅದನ್ನು ಕಡಿಮೆ ಮಾಡಬೇಕಾದರೆ ಸೂಪು ಆರಿದ ಮೇಲೆ ಫ್ರಿಜ್ಜಿನಲ್ಲಿಟ್ಟು, ಮೇಲೆ ಗಟ್ಟಿಯಾದ ಕೊಬ್ಬನ್ನು ಎತ್ತಬೇಕು.

ಅಮ್ಮನ ಮನೆಯಲ್ಲಿ ಯಾಕೆ ಯಾರೂ ಬುರುಗಿನ ತಂಟೆಗೆ ಹೋಗಲಿಲ್ಲ ಅನ್ನೋದೂ ಇದರಿಂದ ಹೊಳೆಯಿತು. ಅಲ್ಲಿ ಜಾಸ್ತಿ ಮಾಡೋದು ಸಾರು. ಸಾರಿಗೆ ಮಾಂಸವನ್ನು ಮೊದಲು ಎಣ್ಣೆ, ಈರುಳ್ಳಿ, ಅರಿಶಿನ, ಉಪ್ಪಿನ ಜೊತೆ ಹಾಕಿ, ಅದು ನೀರು ಬಿಟ್ಟು ಆ ನೀರು ಇಂಗುವವರೆಗೆ ಹುರಿಯುತ್ತಾರೆ. ನೀರಿಗೆ ಬಿಟ್ಟುಕೊಳ್ಳಬೇಕಿದ್ದ ಪ್ರೋಟೀನು ಅಲ್ಲೇ ಬೆಂದು ತುಂಡಿಗೂ ತಳಕ್ಕೂ ಅಂಟಿ, ಕೆಂಪಗೆ ಹುರಿದು, ಸಾರಿಗೇ ರುಚಿಯಾಗುತ್ತೆ. ಆಮೇಲೆ ಬಿಸಿ ನೀರು ಹಾಕಿದರೆ ಬುರುಗು ಬರೋದೇ ಕಮ್ಮಿ. ಬಂದರೂ ಕಾಯಿ, ಹುರಿಗಡಲೆ ರುಬ್ಬಿ ಹಾಕುವ ಸಾರಿನಲ್ಲಿ ತಿಳಿ ಯಾರಿಗೆ ಬೇಕು?

ಈಗ ನಾನು ತಿಳಿ ಸೂಪಿಗೆ ಮಾತ್ರ ಬುರುಗು ತೆಗೆಯುತ್ತೇನೆ. ತಣ್ಣೀರಿನಿಂದಲೇ ಶುರು, ಯಾಕಂದರೆ ನಿಧಾನ ಕಾದರೆ ಪ್ರೋಟೀನು ಹೊರಬಂದು ದೊಡ್ಡ ಚೂರಾಗಿ ಕಟ್ಟುತ್ತೆ, ಎತ್ತೋದು ಸುಲಭ. ಕುದಿ ಬರುವ ಮುಂಚೆ, ಬೂದು ಪದರ ದಪ್ಪಗಾದಾಗ, ಕಲಕದೆ ಟೀ ಸೋಸುವ ಜಾಲರಿಯಲ್ಲಿ ಎತ್ತುತ್ತೇನೆ. ಸೌಟಾದರೆ ಸೂಪೂ ಜೊತೆಗೆ ಹೋಗುತ್ತೆ. ಹತ್ತು ನಿಮಿಷದಲ್ಲಿ ಮುಗಿಯುತ್ತೆ. ಆಮೇಲೆ ಬರುವ ಬಿಳಿ ನೊರೆ ಬರೀ ಗಾಳಿ, ಅದರ ಹಿಂದೆ ಹೋಗಬೇಡಿ. ಮೆಣಸು, ಶುಂಠಿ ಹಾಕೋದು ಇದೆಲ್ಲ ಆದ ಮೇಲೆ, ಇಲ್ಲಾಂದರೆ ಅರ್ಧ ಮೆಣಸು ಜಾಲರಿಗೇ ಬರುತ್ತೆ. ಫ್ರೀಜರಿನಲ್ಲಿಟ್ಟು ಕರಗಿಸಿದ ಮಾಂಸಕ್ಕೆ ಬುರುಗು ಜಾಸ್ತಿ, ಕವರಿನಲ್ಲಿ ಇಳಿದಿರುವ ಆ ಕೆಂಪು ನೀರಿನಲ್ಲೇ ಇದೇ ಪ್ರೋಟೀನು ಇರುತ್ತೆ, ಅದನ್ನು ಬಸಿದು ತುಂಡು ತೊಳೆದೇ ಪಾತ್ರೆಗೆ ಹಾಕಿ. ಕೋಳಿಯದು ಬೆಳ್ಳಗೆ, ಅಷ್ಟು ಬರಲ್ಲ.

ಅತ್ತೆ ಈಗಲೂ ಸೌಟು ಹಿಡಿದು ಬರುತ್ತಾರೆ. ನಾನು ಗ್ಯಾಸನ್ನು ಸಿಮ್ ಮಾಡಿ ಪಕ್ಕಕ್ಕೆ ಸರಿಯುತ್ತೇನೆ.