ಲಿಂಕ್ 24 ಗಂಟೆಗೆ ಸಾಯುತ್ತೆ ಅಂತ ನಂಬಿ ಮೋಸ ಹೋದೆ

ಅಮ್ಮನ ಸಾರಿನ ಪುಡಿ, ಹುಳಿ ಪುಡಿ, ವಾಂಗಿಬಾತ್ ಪುಡಿ ಎಲ್ಲಾ ಸೇರಿಸಿ ಒಂದು ಪಿಡಿಎಫ್ ಮಾಡಿ, ಮೈಸೂರಿನ ಮನೆಯಿಂದಲೇ 149 ರೂಪಾಯಿಗೆ ಮಾರುತ್ತಿದ್ದೆ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ, "ಮೇಡಂ, ಗಿರಾಕಿಗೆ ಹೋಗೋ ಡೌನ್‌ಲೋಡ್ ಲಿಂಕ್ 24 ಗಂಟೆ ಮಾತ್ರ ಇರುತ್ತೆ, ಯಾರೂ ಕದಿಯೋಕಾಗಲ್ಲ" ಅಂದಿದ್ದ. ನಾನೂ ಒಂದು ದಿನ ಬಿಟ್ಟು ಒತ್ತಿ ನೋಡಿದೆ. `Request has expired` ಅಂತ ಬಂತು. ಸರಿ, ನಿಶ್ಚಿಂತೆ ಅಂದುಕೊಂಡೆ.

ಮೂರು ವಾರದ ಮೇಲೆ ಮಂಡ್ಯದಿಂದ ಅತ್ತಿಗೆ ಫೋನ್. "ನಿನ್ನ ಪುಸ್ತಕ ನಮ್ಮ ಸಂಘದ ಗ್ರೂಪಲ್ಲಿ ಬಂದಿದೆ ಕಣೆ, ಫ್ರೀ ಮಾಡಿದ್ದೀಯಾ?" ಲಿಂಕ್ ಕಳಿಸಿ ಅಂದೆ. ನನ್ನದೇ ಲಿಂಕು, ಆದರೆ ಗಿಡ್ಡ! ನಾನು ಗಿರಾಕಿಗಳಿಗೆ ಕಳಿಸುತ್ತಿದ್ದದ್ದು ಇಷ್ಟುದ್ದ:

```
.../pudi.pdf?X-Amz-Expires=86400&X-Amz-Signature=...
```

86400 ಅಂದರೆ ಸೆಕೆಂಡುಗಳಲ್ಲಿ 24 ಗಂಟೆ. ಯಾರೋ ಆ ಪ್ರಶ್ನೆ ಚಿಹ್ನೆಯಿಂದ ಮುಂದಿನದ್ದೆಲ್ಲ ಅಳಿಸಿದ್ದಾರೆ, ಅಷ್ಟೇ. ಗಡುವು, ಸಹಿ ಎಲ್ಲಾ ಇದ್ದದ್ದು ಆ ಬಾಲದಲ್ಲಿ. ಫೈಲನ್ನು ಮಾತ್ರ ಆ ಹುಡುಗ ಪಬ್ಲಿಕ್ ಆಗಿಯೇ ಬಿಟ್ಟಿದ್ದ, ಹಾಗಾಗಿ ಬಾಲ ಇಲ್ಲದೆ ಹೋದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಕಥೆ. ನಾನು ಪರೀಕ್ಷೆ ಮಾಡಿದ್ದೂ ಮುಂಬಾಗಿಲನ್ನೇ ನೋಡಿ.

ನೀವೂ ಇಂಥ ಬಾಲದ ಲಿಂಕ್ ಕೊಟ್ಟು ಫೈಲ್ ಮಾರುತ್ತಿದ್ದರೆ ಈಗಲೇ ಇನ್‌ಕಾಗ್ನಿಟೊ ಕಿಟಕಿಯಲ್ಲಿ ನಿಮ್ಮ ಲಿಂಕ್ ಹಾಕಿ, `?` ಇಂದ ಕೊನೆವರೆಗೆ ಅಳಿಸಿ ಎಂಟರ್ ಒತ್ತಿ. `AccessDenied` ಬರಬೇಕು. ಪಿಡಿಎಫ್ ತೆರೆದುಕೊಂಡರೆ ನಿಮ್ಮದೂ ನನ್ನದೇ ಗತಿ, ಸ್ಟೋರೇಜ್ ಸೆಟ್ಟಿಂಗಲ್ಲಿ ಪಬ್ಲಿಕ್ ಆಕ್ಸೆಸ್ ಪೂರ್ತಿ ಬಂದ್ ಮಾಡಿಸಿ.

ಬಂದ್ ಮಾಡಿಸಿದ ಮೇಲೆ ಸಿಟ್ಟಿನಲ್ಲಿ ಇನ್ನೊಂದು ತಪ್ಪು ಮಾಡಿದೆ. ಗಡುವನ್ನು ಒಂದು ಗಂಟೆಗೆ ಇಳಿಸಿದೆ. ರಾತ್ರಿ ಹನ್ನೊಂದಕ್ಕೆ ದುಡ್ಡು ಹಾಕಿ ಮಲಗಿದವರು ಬೆಳಿಗ್ಗೆ ಮೇಲ್ ತೆರೆದರೆ ಲಿಂಕ್ ಸತ್ತಿರುತ್ತಿತ್ತು, ಒಬ್ಬರಂತೂ ನನ್ನನ್ನೇ ಕಳ್ಳಿ ಅಂದುಬಿಟ್ಟರು. ತಪ್ಪಿದ್ದದ್ದು ಗಂಟೆಯ ಲೆಕ್ಕದಲ್ಲಲ್ಲ, ಲಿಂಕನ್ನು ಯಾವಾಗ ಹುಟ್ಟಿಸುತ್ತೇವೆ ಅನ್ನೋದರಲ್ಲಿ. ದುಡ್ಡು ಬಂದ ತಕ್ಷಣ ಹುಟ್ಟಿಸಿದರೆ ಅವರು ಮಲಗಿದ್ದಾಗಲೇ ಅದರ ಆಯಸ್ಸು ಕರಗುತ್ತದೆ. ಈಗ ಮೇಲ್‌ನಲ್ಲಿ ಹೋಗುವುದು ನಮ್ಮ ಸೈಟಿನ ಆರ್ಡರ್ ಪುಟದ ವಿಳಾಸ ಮಾತ್ರ. ಅಲ್ಲಿ ಅವರ ನಂಬರಿಗೆ ಒಟಿಪಿ ಹೋಗುತ್ತದೆ, ಡೌನ್‌ಲೋಡ್ ಬಟನ್ ಒತ್ತಿದಾಗಲೇ ಲಿಂಕ್ ಹುಟ್ಟುತ್ತದೆ, 15 ನಿಮಿಷಕ್ಕೆ ಸಾಯುತ್ತದೆ. ಬೇಕಾದರೆ ಮತ್ತೆ ಒತ್ತಬಹುದು, ಒಂದು ಆರ್ಡರಿಗೆ ಐದು ಸಲ.

ಇಷ್ಟೆಲ್ಲ ಮಾಡಿದರೂ ಒಮ್ಮೆ ಇಳಿಸಿಕೊಂಡ ಫೈಲನ್ನು ಫಾರ್ವರ್ಡ್ ಮಾಡುವುದನ್ನು ಯಾವ ಲಿಂಕೂ ತಡೆಯಲ್ಲ. ಅದಕ್ಕೇ ಈಗ ಪ್ರತಿ ಪುಟದ ಕೆಳಗೆ ಕೊಂಡವರ ಹೆಸರು, ಆರ್ಡರ್ ನಂಬರ್ ಅಚ್ಚಾಗಿರುತ್ತದೆ. ಅತ್ತಿಗೆಯ ಗ್ರೂಪಿನ ಗಿಡ್ಡ ಲಿಂಕ್ ಈಗ ತೆರೆಯಲ್ಲ. ಆದರೆ ಅಷ್ಟರಲ್ಲಿ ಇಳಿಸಿಕೊಂಡವರ ಫೋನಿನಲ್ಲಿ ಹೆಸರಿಲ್ಲದ ಹಳೇ ಪ್ರತಿ ಹಾಗೇ ಇದೆ.