ಅಕ್ಷರದಲ್ಲಿ ರೂಪಾಯಿ: ದುಡ್ಡು ಕೊಟ್ಟ ಮ್ಯಾಕ್ರೋ, ಗೂಗಲ್ ಸ್ಕ್ರಿಪ್ಟ್, ಸಾದಾ ಫಾರ್ಮುಲಾ

ಎಕ್ಸೆಲ್ ವೋಚರಿನಲ್ಲಿ ಮೊತ್ತವನ್ನು ಕನ್ನಡ ಅಕ್ಷರದಲ್ಲಿ ಬರೆಸಲು ಮೂರು ದಾರಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಾದಾ ಫಾರ್ಮುಲಾಗೆ. 1,500 ರೂಪಾಯಿ ಕೊಟ್ಟು ಮ್ಯಾಕ್ರೋ ಮಾಡಿಸಿಕೊಂಡು, ಅದು ಕೈಕೊಟ್ಟ ಮೇಲೆ ಬಂದ ಬುದ್ಧಿ ಇದು.

ನಾನು ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲ್, ವಾರದ ಬಟವಾಡೆ, ಗೊಬ್ಬರದ ಲೆಕ್ಕ ಎಲ್ಲ ನನ್ನ ತಲೆಗೇ. ಕೊಯ್ಲಿನ ಸಮಯದಲ್ಲಿ ವಾರಕ್ಕೆ ನಲವತ್ತು ಐವತ್ತು ವೋಚರ್ ಆಗುತ್ತವೆ. ಪ್ರತಿಯೊಂದರಲ್ಲೂ ‘ಅಕ್ಷರದಲ್ಲಿ’ ಅನ್ನುವ ಸಾಲು ತುಂಬಬೇಕು. ಸಹಿ ಹಾಕುವ ಮೇಸ್ತ್ರಿಗಳು ಕನ್ನಡ ಓದುತ್ತಾರೆ, ಹಾಗಾಗಿ ಆ ಸಾಲು ಕನ್ನಡದಲ್ಲೇ ಇರಬೇಕು. ಕೈಯಲ್ಲಿ ಬರೆದು ಬರೆದು ಸಾಕಾಗಿತ್ತು. ಎಕ್ಸೆಲ್‌ನಲ್ಲೇ ಇದಕ್ಕೆ ಏನಾದರೂ ಇದೆಯಾ ಅಂತ ಹುಡುಕಿದರೆ ಸಿಕ್ಕಿದ್ದು `BAHTTEXT`. ಅದು ಥಾಯ್ ಭಾಷೆಯಲ್ಲಿ ಬಾತ್ ಲೆಕ್ಕ ಬರೆಯುತ್ತದೆ. ನಮಗೇನು ಉಪಯೋಗ?

ಪರಿಚಯದ ಒಬ್ಬರು ಮ್ಯಾಕ್ರೋ ಮಾಡಿಕೊಟ್ಟರು. ಆಫೀಸಿನ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಂಡಿತು. ಫೈಲನ್ನು ಸಾಹುಕಾರರ ಫೋನಿಗೆ ಕಳಿಸಿದೆ. ಐದು ನಿಮಿಷಕ್ಕೆ ಫೋನ್ ಬಂತು. “ರೈಟ್ರೇ, ಇದ್ಯಾವ ಭಾಷೆ?” ಅಲ್ಲಿ ‘ಒಂದು’ ಇರಬೇಕಾದ ಜಾಗದಲ್ಲಿ `MAzÀÄ` ಅಂತ ಇತ್ತು. ಮ್ಯಾಕ್ರೋ ಬರೆದವರು ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಪದಗಳನ್ನು ಹಾಕಿದ್ದರು. ಅಂಥ ಫಾಂಟಿನಲ್ಲಿ ಒಳಗಿರುವುದು ಲ್ಯಾಟಿನ್ ಲಿಪಿಯ ಗುರುತುಗಳೇ, ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕುತ್ತದೆ ಅಷ್ಟೇ. ಆ ಫಾಂಟ್ ಇಲ್ಲದ ಕಡೆ ವೇಷ ಕಳಚಿ ಬೀಳುತ್ತದೆ.

ಸರಿ, ಪದಗಳನ್ನು ಯೂನಿಕೋಡ್‌ಗೆ ಬದಲಾಯಿಸಿದರಾಯಿತು ಅಂದುಕೊಂಡು Alt+F11 ಒತ್ತಿ ಕೋಡ್ ತೆರೆದೆ. ಅಲ್ಲಿ ‘ಒಂದು’ ಅಂತ ಪೇಸ್ಟ್ ಮಾಡಿದರೆ `????` ಅಂತ ಬೀಳುತ್ತದೆ. ಎಷ್ಟು ಸಲ ಮಾಡಿದರೂ ಅಷ್ಟೇ. ಮ್ಯಾಕ್ರೋ ಬರೆಯುವ ಆ ಕಿಟಕಿ ಹಳೆಯ ಕಾಲದ್ದು. ಅಕ್ಷರಗಳನ್ನು ಅದು ವಿಂಡೋಸಿನ ಹಳೆಯ ಕೋಡ್ ಪೇಜ್, ಅಂದರೆ ಆಯಾ ಭಾಷೆಯ ಅಕ್ಷರಪಟ್ಟಿ, ಅದರ ಮೂಲಕ ಓದುತ್ತದೆ. ರಷ್ಯನ್‌ಗೆ, ಅರಬ್ಬಿಗೆ ಅಂಥ ಕೋಡ್ ಪೇಜ್ ಇದೆ. ಕನ್ನಡಕ್ಕೆ ವಿಂಡೋಸಿನಲ್ಲಿ ಅದು ಇಲ್ಲವೇ ಇಲ್ಲ, ನಮ್ಮದು ನೇರ ಯೂನಿಕೋಡ್. ಹಾಗಾಗಿ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಭಾಷೆಯನ್ನು ಕನ್ನಡ ಮಾಡಿದರೂ ಪ್ರಶ್ನೆ ಚಿಹ್ನೆ ಹೋಗುವುದಿಲ್ಲ. ನಾನು ಅರ್ಧ ಭಾನುವಾರ ಇದರಲ್ಲೇ ಕಳೆದೆ.

ಇದಕ್ಕೆ ಒಂದು ದಾರಿ ಪ್ರತಿ ಅಕ್ಷರವನ್ನೂ ಅದರ ನಂಬರಿನಿಂದ ಬರೆಯುವುದು. ‘ಒಂದು’ ಅನ್ನಲು ಇಷ್ಟು:

```
ChrW(3218) & ChrW(3202) & ChrW(3238) & ChrW(3265)
```

ಒಂದಕ್ಕೇ ಇಷ್ಟಾದರೆ ತೊಂಬತ್ತೊಂಬತ್ತಕ್ಕೆ ಎಷ್ಟು? ಇನ್ನೊಂದು ದಾರಿ ಸುಲಭ. ಪದಗಳನ್ನೆಲ್ಲ ಒಂದು ಶೀಟಿನ ಸೆಲ್‌ಗಳಲ್ಲಿ ಬರೆದಿಟ್ಟು, ಮ್ಯಾಕ್ರೋ ಅಲ್ಲಿಂದ ಓದುವ ಹಾಗೆ ಮಾಡುವುದು. ಸೆಲ್‌ನಲ್ಲಿ ಕನ್ನಡಕ್ಕೆ ಏನೂ ತೊಂದರೆ ಇಲ್ಲ. ಹಾಗೆ ಮಾಡಿದೆ, ಕೆಲಸವೂ ಆಯಿತು. ಆಮೇಲೆ ತಲೆಗೆ ಹೊಳೆಯಿತು: ಪದಗಳು ಹೇಗೂ ಶೀಟಿನಲ್ಲೇ ಇವೆ ಅಂದಮೇಲೆ ಮ್ಯಾಕ್ರೋ ಯಾಕೆ ಬೇಕು?

ಅದೂ ಅಲ್ಲದೆ ಫೋನಿನ ಎಕ್ಸೆಲ್‌ನಲ್ಲಿ ಮ್ಯಾಕ್ರೋ ಓಡುವುದೇ ಇಲ್ಲ. ಮೇಲ್‌ನಲ್ಲಿ ಬಂದ ಫೈಲ್ ಆದರೆ ಕಂಪ್ಯೂಟರಿನಲ್ಲೂ ಮ್ಯಾಕ್ರೋ ತಡೆದಿಟ್ಟಿರುತ್ತಾರೆ, ಪ್ರಾಪರ್ಟೀಸ್‌ಗೆ ಹೋಗಿ ಬಿಡಿಸಬೇಕು.

ಗೂಗಲ್ ಶೀಟ್ಸ್‌ನ ಸ್ಕ್ರಿಪ್ಟ್ ಬಗ್ಗೆ ಹೇಳಬೇಕೆಂದರೆ, ಬರೆಯುವುದಕ್ಕೆ ಇದೇ ಅತಿ ಸುಖ. ಕನ್ನಡವನ್ನು ಕೋಡಿನೊಳಗೇ ಬರೆಯಬಹುದು, ದುಡ್ಡೂ ಇಲ್ಲ. ಆದರೆ ನಾವೇ ಬರೆದ ಫಂಕ್ಷನ್ ಗೂಗಲ್‌ನ ಸರ್ವರಿನಲ್ಲಿ ಓಡುತ್ತದೆ. ನೆಟ್ ಇಲ್ಲದಿದ್ದರೆ ಅದು ಲೆಕ್ಕ ಮಾಡುವುದಿಲ್ಲ. ಜುಲೈ ಮಳೆಯಲ್ಲಿ ಮರ ಬಿದ್ದು ಕರೆಂಟ್ ಹೋಗಿ, ಹಿಂದೆಯೇ ಟವರೂ ಹೋಗಿ, ಸೆಲ್‌ನಲ್ಲಿ `Loading...` ನೋಡುತ್ತಾ ಕೂತರೆ ಹೊರಗೆ ನಿಂತ ಮೇಸ್ತ್ರಿಗೆ ಏನು ಹೇಳುವುದು? ಮಡಿಕೇರಿ ಪೇಟೆಯಲ್ಲಿ, ಒಳ್ಳೆ ನೆಟ್ ಇರುವ ಆಫೀಸಿನಲ್ಲಿ ಕೂರುವವರಿಗೆ ಇದು ಸಾಕು.

ಪೈಥಾನ್ ಗೊತ್ತಿದ್ದವರಿಗೆ `num2words` ಇದೆ, `lang='kn'` ಕೊಟ್ಟರೆ ಕನ್ನಡ ಬರುತ್ತದೆ. ನನ್ನ ವೋಚರ್ ಇರುವುದು ಎಕ್ಸೆಲ್‌ನಲ್ಲಿ, ಆದ್ದರಿಂದ ಬಿಟ್ಟೆ.

ಇನ್ನು ನನ್ನ ಫಾರ್ಮುಲಾ. ಮೊದಲು `pada` ಅಂತ ಒಂದು ಶೀಟ್. ಅದರ A1 ಖಾಲಿ, A2ರಲ್ಲಿ ಒಂದು, A3ರಲ್ಲಿ ಎರಡು, ಹೀಗೆ A20ರಲ್ಲಿ ಹತ್ತೊಂಬತ್ತರ ತನಕ ಕೈಯಿಂದ ಟೈಪ್ ಮಾಡಬೇಕು. ಇಪ್ಪತ್ತರಿಂದ ಮುಂದೆ ಬೇಡ. ಕನ್ನಡದಲ್ಲಿ ಒಂದು ಸೊಗಸಿದೆ. ‘ಇಪ್ಪತ್ತ’ ಅಂತ ಒಂದು ಸೆಲ್, ‘ೊಂದು’ ಅಂತ ಇನ್ನೊಂದು ಸೆಲ್ ಇದ್ದರೆ, ಎರಡನ್ನೂ ಸೇರಿಸಿದಾಗ ತಾನಾಗಿ ‘ಇಪ್ಪತ್ತೊಂದು’ ಆಗುತ್ತದೆ. ‘ಮೂರು’ ಸೇರಿಸಿದರೆ ‘ಇಪ್ಪತ್ತಮೂರು’. ಬರೀ ‘ು’ ಸೇರಿಸಿದರೆ ‘ಇಪ್ಪತ್ತು’. ಹಿಂದಿಯಲ್ಲಾದರೆ ನೂರನ್ನೂ ಬೇರೆ ಬೇರೆ ಬರೆಯಬೇಕು, ನಮಗೆ ಆ ಕಷ್ಟ ಇಲ್ಲ.

ಹಾಗಾಗಿ ಅದೇ ಶೀಟಿನ F2ರಿಂದ F9ರವರೆಗೆ ‘ಇಪ್ಪತ್ತ’ದಿಂದ ‘ತೊಂಬತ್ತ’ದವರೆಗೆ ಎಂಟು ಪದ. G1ರಿಂದ G10ರವರೆಗೆ ಬಾಲಗಳು: ು, ೊಂದು, ೆರಡು, ಮೂರು, ನಾಲ್ಕು, ೈದು, ಾರು, ೇಳು, ೆಂಟು, ೊಂಬತ್ತು. ಕೆಲವು ಕೀಬೋರ್ಡಿನಲ್ಲಿ ಬರೀ ಕೊಂಬು ಬರೀ ಒತ್ವ ಹೊಡೆಯಲು ಬರುವುದಿಲ್ಲ. ಆಗ `=MID("ಕೊಂದು",2,9)` ಅಂತ ಹಾಕಿ, ‘ಕ’ ಹೋಗಿ ಬಾಲ ಉಳಿಯುತ್ತದೆ. ಸೆಲ್‌ನಲ್ಲಿ ಚುಕ್ಕಿಗಳ ಸೊನ್ನೆ ಕಂಡರೆ ಹೆದರಬೇಡಿ, ಅದು ಹಾಗೇ ಇರುತ್ತದೆ. ಆಮೇಲೆ A21ರಲ್ಲಿ ಇದನ್ನು ಹಾಕಿ A100ರ ತನಕ ಎಳೆಯಿರಿ:

```
=INDEX(F:F,INT((ROW()-1)/10))&INDEX(G:G,MOD(ROW()-1,10)+1)
```

ದುಡ್ಡು ಕೊಟ್ಟ ಮ್ಯಾಕ್ರೋದ ಇನ್ನೊಂದು ಕೊರತೆ ನೂರು, ಸಾವಿರದ ಜೋಡಣೆ. ಅದು ಇಂಗ್ಲಿಷಿನ ಅಚ್ಚಿನಲ್ಲಿ ‘ಮೂವತ್ತೆಂಟು ಸಾವಿರ ನಾನೂರು ಅರವತ್ತೊಂದು’ ಅಂತ ಬರೆಯುತ್ತಿತ್ತು. ನಾವು ಹಾಗೆ ಹೇಳುತ್ತೇವಾ? ಆಮೇಲೆ ಇನ್ನೇನಾದರೂ ಬಂದರೆ ಸಾವಿರ ‘ಸಾವಿರದ’ ಆಗುತ್ತದೆ, ಲಕ್ಷ ‘ಲಕ್ಷದ’, ನಾನೂರು ‘ನಾನೂರ’. ಏನೂ ಬರದಿದ್ದರೆ ಇದ್ದ ಹಾಗೇ ಇರುತ್ತದೆ. ಹಾಗಾಗಿ `pada` ಶೀಟಿನ C1ರಿಂದ C9ರವರೆಗೆ ಒಂದು ನೂರು, ಇನ್ನೂರು, ಮುನ್ನೂರು ಅಂತ ಒಂಬೈನೂರರವರೆಗೆ, D ಕಾಲಂನಲ್ಲಿ ಅವೇ ಪದಗಳು ಒಂದು ನೂರ, ಇನ್ನೂರ, ಮುನ್ನೂರ ಅಂತ. ನಾನೂರು ಬದಲು ನಾಲ್ಕುನೂರು ಬೇಕಾದವರು ಅಲ್ಲೇ ತಿದ್ದಿಕೊಳ್ಳಬಹುದು.

‘ನೂರು’ ಅಂತ ಬಿಡದೆ ‘ಒಂದು ನೂರು’ ಅಂತ ಹಾಕಿದ್ದಕ್ಕೆ ಕಾರಣ ಇದೆ. ಬರೀ ನೂರು ಇದ್ದರೆ ಮುಂದೆ ‘ಆರು’ ಸೇರಿಸುವುದು ಎಷ್ಟು ಹೊತ್ತಿನ ಕೆಲಸ?

ವೋಚರ್ ಶೀಟಿನಲ್ಲಿ B2 ಮೊತ್ತ. ಅದನ್ನು ಒಡೆಯಲು ನಾಲ್ಕು ಸೆಲ್, ಪದ ಮಾಡಲು ನಾಲ್ಕು ಸೆಲ್. ಕಾಣಬಾರದು ಅಂದರೆ ಕಾಲಂ ಮರೆಮಾಡಿ.

```
C2: =INT(B2/100000)
D2: =INT(MOD(B2,100000)/1000)
E2: =INT(MOD(B2,1000)/100)
F2: =MOD(B2,100)
G2: =IF(C2=0,"",INDEX(pada!A:A,C2+1)&IF(D2+E2+F2=0," ಲಕ್ಷ "," ಲಕ್ಷದ "))
H2: =IF(D2=0,"",INDEX(pada!A:A,D2+1)&IF(E2+F2=0," ಸಾವಿರ "," ಸಾವಿರದ "))
I2: =IF(E2=0,"",INDEX(IF(F2=0,pada!C:C,pada!D:D),E2)&" ")
J2: =IF(B2<1,"",TRIM(G2&H2&I2&INDEX(pada!A:A,F2+1)&" ರೂಪಾಯಿ ಮಾತ್ರ"))
```

38,461 ಹಾಕಿ ನೋಡಿ. C2 ಸೊನ್ನೆ, D2 ಮೂವತ್ತೆಂಟು, E2 ನಾಲ್ಕು, F2 ಅರವತ್ತೊಂದು. J2ನಲ್ಲಿ ‘ಮೂವತ್ತೆಂಟು ಸಾವಿರದ ನಾನೂರ ಅರವತ್ತೊಂದು ರೂಪಾಯಿ ಮಾತ್ರ’. 1,20,000ಕ್ಕೆ ‘ಒಂದು ಲಕ್ಷದ ಇಪ್ಪತ್ತು ಸಾವಿರ ರೂಪಾಯಿ ಮಾತ್ರ’. ಇದು ತೊಂಬತ್ತೊಂಬತ್ತು ಲಕ್ಷದ ತನಕ ನಡೆಯುತ್ತದೆ. ಕೋಟಿಯ ವೋಚರ್ ಬರೆಯುವ ಯೋಗ ನನಗೆ ಇನ್ನೂ ಬಂದಿಲ್ಲ. J2ನಲ್ಲಿರುವ `IF(B2<1` ಸುಮ್ನೆ ಹಾಕಿದ್ದಲ್ಲ. ಅದಿಲ್ಲದೆ ಮೊತ್ತ ಖಾಲಿ ಬಿಟ್ಟರೆ ‘ರೂಪಾಯಿ ಮಾತ್ರ’ ಅಂತಷ್ಟೇ ಪ್ರಿಂಟ್ ಆಗುತ್ತದೆ, ಅದರ ಮುಂದೆ ಯಾರು ಏನು ಬೇಕಾದರೂ ಬರೆಯಬಹುದು.

ನನ್ನದೂ ಒಮ್ಮೆ ಎಡವಿತು, ಅದನ್ನೂ ಹೇಳಬೇಕಲ್ವಾ. ಒಂದು ವಾರ ಒಬ್ಬ ಮೇಸ್ತ್ರಿಯ ಗುಂಪು ಬಿಡಿಸಿದ ಕಾಫಿ ಹಣ್ಣು 8,546.8 ಕೆ.ಜಿ. ಕೆ.ಜಿ.ಗೆ 4.50ರಂತೆ 38,460.60. ಸೆಲ್‌ನ ಫಾರ್ಮ್ಯಾಟ್‌ನಲ್ಲಿ ದಶಾಂಶ ಬೇಡ ಅಂತ ಇಟ್ಟಿದ್ದರಿಂದ ಅಂಕಿಯಲ್ಲಿ 38,461 ಕಂಡಿತು. ಅಕ್ಷರದಲ್ಲಿ ಮಾತ್ರ ‘ಅರವತ್ತು ರೂಪಾಯಿ ಮಾತ್ರ’ ಬಂತು. ಫಾರ್ಮ್ಯಾಟ್ ಕಣ್ಣಿಗೆ ಕಾಣುವುದನ್ನು ಮಾತ್ರ ಬದಲಾಯಿಸುತ್ತದೆ, ಒಳಗೆ ಪೈಸೆ ಹಾಗೇ ಇರುತ್ತದೆ. `INDEX` ಆ ಪೈಸೆಯನ್ನು ಕತ್ತರಿಸಿ ಬಿಸಾಡುತ್ತದೆ. ಮೇಸ್ತ್ರಿ ಎರಡೂ ಸಾಲಿನ ಮೇಲೆ ಬೆರಳಿಟ್ಟು, “ಅಣ್ಣ, ಯಾವುದು ಕೊಡ್ತೀರಿ?” ಅಂತ ಕೇಳಿದ. ಒಂದು ರೂಪಾಯಿ ಪ್ರಶ್ನೆ ಅಲ್ಲ, ವೋಚರ್ ಹರಿದು ಹೊಸದು ಮಾಡಬೇಕಾಯಿತು. ಚೆಕ್ಕಿನಲ್ಲಿ ಹೀಗಾದರೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಅಕ್ಷರದಲ್ಲಿರುವ ಮೊತ್ತವೇ ಗಟ್ಟಿ. ಈಗ B2ನಲ್ಲೇ ದುಂಡು ಮಾಡುತ್ತೇನೆ, ಕಿಲೋ A2ರಲ್ಲಿ ಇದ್ದರೆ:

```
B2: =ROUND(A2*4.5,0)
```

ಪೈಸೆ ಕೊಡುವ ಅಭ್ಯಾಸ ನಮ್ಮಲ್ಲಿಲ್ಲ, ಅದಕ್ಕೆ ಇಷ್ಟು ಸಾಕು.

ಈ ಶೀಟ್ ಹಳೆಯ ಎಕ್ಸೆಲ್‌ನಲ್ಲೂ ನಡೆಯುತ್ತದೆ, ಗೂಗಲ್ ಶೀಟ್ಸ್‌ಗೆ ಏರಿಸಿದರೂ ನಡೆಯುತ್ತದೆ, ಸಾಹುಕಾರರ ಫೋನಿನಲ್ಲೂ ಕನ್ನಡವಾಗಿಯೇ ಕಾಣುತ್ತದೆ. ದಿನಕ್ಕೆ ಸಾವಿರ ರಶೀದಿ ತೆಗೆಯುವ ಜಾಗಕ್ಕೆ ಎಂಟು ಸೆಲ್ ಎಳೆದಾಡುವುದು ಜಾಸ್ತಿ ಆಗಬಹುದು, ಅಲ್ಲಿ ಸ್ಕ್ರಿಪ್ಟ್ ಇರಲಿ. ನನ್ನ ಐವತ್ತು ವೋಚರಿಗೆ ಇದೇ ಆಯಿತು. ಆ 1,500 ರೂಪಾಯಿಯ ವೋಚರ್ ಇನ್ನೂ ಫೈಲಿನಲ್ಲಿದೆ, ಅದರ ಅಕ್ಷರದ ಸಾಲು ನಾನೇ ಕೈಯಲ್ಲಿ ಬರೆದದ್ದು.